ಬೇರಿಂಗ್ ಕೂತಿತು, ಸರಿಯಾಗಿ ಕೂತಿತಾ?

ಸಿರುಗುಪ್ಪ ಕಡೆ ಕಾಲುವೆಯಿಂದ ನೀರೆತ್ತೋಕೆ ಬೆಲ್ಟ್ ಹಾಕಿದ ಡೀಸೆಲ್ ಪಂಪ್ ಇಟ್ಟುಕೊಂಡವರು ಇದ್ದೀರಲ್ಲ, ಈ ವಾರದ ಮಾತು ನಿಮಗೆ. ಪಂಪ್ ಕೆಟ್ಟಾಗ ಬಳ್ಳಾರಿ ಅಂಗಡಿಗೆ ಹೋಗಿ "ಮೂರು ಇಂಚಿನ ಪಂಪಿನ ಬೇರಿಂಗ್ ಕೊಡ್ರಿ" ಅಂತೀವಿ. ನೋಡೋಕೆ ಒಂದೇ ತರ ಇರೋ ಎರಡು ಪಂಪುಗಳ ಒಳಗೆ ಬೇರೆ ಬೇರೆ ಬೇರಿಂಗ್ ಇರಬಹುದು. ಹಾಗಾಗಿ ಪಂಪಿನ ಹೆಸರು ಬಿಡಿ, ಹಳೇ ಬೇರಿಂಗನ್ನ ಒರೆಸಿ ಅದರ ಮೇಲಿನ ನಂಬರ್ ಫೋಟೋ ತಗೊಳ್ಳಿ.

ಉದಾಹರಣೆಗೆ ಅದರಲ್ಲಿ 6305 2RS ಅಂತ ಇದೆ ಅಂದುಕೊಳ್ಳಿ. ಕೊನೆಯ 05 ಅನ್ನು 5ರಿಂದ ಗುಣಿಸಿದರೆ 25. ಅಂದರೆ ಒಳಗಿನ ತೂತು 25 ಮಿ.ಮೀ. (04 ಮತ್ತು ಅದರ ಮೇಲಿನ ನಂಬರುಗಳಿಗೆ ಈ ಲೆಕ್ಕ.) ಈಗ ಅಂಗಡಿಯವರು 6205 ಕೊಟ್ಟರೆ? ಅದರ ತೂತೂ 25, ಶಾಫ್ಟಿಗೆ ಸಲೀಸಾಗಿ ಹೋಗುತ್ತೆ. ಆದರೆ 6305ರ ಹೊರಗಿನ ಅಳತೆ 62, ದಪ್ಪ 17. 6205ದು 52 ಮತ್ತು 15. ಸುತ್ತ 5 ಮಿ.ಮೀ. ಸಂದು ಉಳಿಯುತ್ತೆ. ಅದಕ್ಕೆ ತಗಡು ಸುತ್ತಿ ಕೂರಿಸಿಕೊಡುವವರೂ ಇದ್ದಾರೆ, ಒಪ್ಪಬೇಡಿ. ಶಾಫ್ಟ್ ಅಲುಗಾಡುತ್ತೆ, ಇಂಪೆಲ್ಲರ್ ಗೋಡೆಗೆ ಉಜ್ಜುತ್ತೆ.

ನನಗೆ ಇದಕ್ಕಿಂತ ಹೆಚ್ಚು ಭಯ ನಂಬರಿನ ಹಿಂದಿನ ಅಕ್ಷರದ್ದು. 2RS ಅಂದರೆ ಎರಡೂ ಕಡೆ ರಬ್ಬರ್ ಸೀಲ್, ZZ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ಅಳತೆ ಒಂದೇ, ಆದ್ದರಿಂದ ಎಲ್ಲೂ ಅನುಮಾನ ಬರಲ್ಲ. ಆದರೆ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕೋ ಜಾಗದಲ್ಲಿ ತಗಡಿನ ಸಂದಿಯಿಂದ ನೀರು ಒಳಗೆ ಹೋಗಿ ಗ್ರೀಸ್ ಹಾಳಾಗುತ್ತೆ. ಪುಲ್ಲಿ ಕೈಯಲ್ಲಿ ತಿರುಗಿಸಿದಾಗ ಕರಕರ ಅಂದರೆ, ಸಂದಿಯಿಂದ ಕೆಂಪು ನೀರು ಬಂದರೆ ಆಗಲೇ ತುಕ್ಕು ಹಿಡಿದಿದೆ. ರಬ್ಬರ್ ಸೀಲಿಗೆ ಕೆಲವು ಕಂಪನಿಗಳು DDU ಅಥವಾ LLU ಅಂತ ಬರೀತವೆ, ಅವೂ ನಡೆಯುತ್ತೆ. ಕೊನೆಗೆ C3 ಇದ್ದರೆ ಅದನ್ನೂ ಕೇಳಿ ತಗೊಳ್ಳಿ. ಬಿಸಿಗೆ ಹಿಗ್ಗೋಕೆ ಒಳಗೆ ಸ್ವಲ್ಪ ಹೆಚ್ಚು ಸಡಿಲ ಬಿಟ್ಟಿರ್ತಾರೆ ಅಂತ ಅರ್ಥ.

ಬೆಲ್ಟಿನದೂ ಇದೇ ಕಥೆ. B-52 ಬದಲು A-52 ತಂದರೆ ಉದ್ದ ಹೆಚ್ಚುಕಡಿಮೆ ಒಂದೇ, ಪುಲ್ಲಿಗೂ ಏರುತ್ತೆ. ಆದರೆ B ಬೆಲ್ಟಿನ ಅಗಲ 17 ಮಿ.ಮೀ., A ಬೆಲ್ಟಿನದು 13. ಬೆಲ್ಟ್ ಹಿಡಿಯಬೇಕಾದ್ದು ಗಾಳೆಯ ಎರಡು ಪಕ್ಕಗಳನ್ನ, ಈ ಸಣ್ಣ ಬೆಲ್ಟ್ ತಳಕ್ಕೆ ಕೂತು ಜಾರುತ್ತೆ. ಇಂಜಿನ್ ಜೋರಾಗಿ ಓಡ್ತಿದ್ದರೂ ನೀರು ಕಡಿಮೆ ಬರುತ್ತೆ. ನಿಲ್ಲಿಸಿ ನೋಡಿ, ಗಾಳೆಯ ತಳ ಮಿರಮಿರ ಹೊಳೀತಿದ್ದರೆ ಬೆಲ್ಟ್ ತಪ್ಪು, ಇಲ್ಲಾ ಹಳೇ ಬೆಲ್ಟ್ ಸವೆದಿದೆ.

ಕುರುಗೋಡು ಕಡೆ ಕೈಬದಲಾದ ಹಳೇ ಪಂಪ್ ತಗೊಂಡಿದ್ದರೆ, ಒಳಗಿರೋ ಬೇರಿಂಗೇ ಯಾರೋ ಹಾಕಿದ ತಪ್ಪು ಸಾಮಾನು ಆಗಿರಬಹುದು. ಸುತ್ತ ತಗಡು ಕಂಡರೆ ಅದರ ನಂಬರ್ ನಂಬಬೇಡಿ. ಶಾಫ್ಟಿನ ದಪ್ಪ, ಬೇರಿಂಗ್ ಕೂರೋ ಗುಂಡಿಯ ಅಗಲ, ಆಳ, ಈ ಮೂರನ್ನ ವರ್ನಿಯರಿನಿಂದ ಅಳೆಸಿ ಬರ್ಕೊಂಡು ಅಂಗಡಿಗೆ ಹೋಗಿ. ಪಿಸ್ಟನ್, ನಾಜಲ್ ತರದ ಇಂಜಿನ್ ಸಾಮಾನಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಅವಕ್ಕೆ ಇಂಜಿನ್ ಪ್ಲೇಟಿನ ಮಾಡೆಲ್ ಮತ್ತು ಸೀರಿಯಲ್ ನಂಬರ್ ತೋರಿಸಿ, ಆ ಕಂಪನಿಯ ಪಾರ್ಟ್ಸ್ ಪಟ್ಟಿಯಲ್ಲೇ ಹುಡುಕಿಸಬೇಕು.