ಕಾಂಬಿನೇಷನ್ ಆರಿಸುವ ಮೊದಲು ಎರಡು ಗಂಟೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪಿಯು ಕಾಲೇಜುಗಳಲ್ಲಿ ನಡೆಯುವ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಗಳು ಬಹುತೇಕ ಒಂದೇ ತರಹ. ಅತಿಥಿಗಳು ಬರುತ್ತಾರೆ, ಪರದೆಯ ಮೇಲೆ ನೂರಾರು ಕೋರ್ಸುಗಳ ಹೆಸರು ಓಡುತ್ತದೆ, ಕೊನೆಗೆ ಕಾಫಿ. ಮರುದಿನ ಅರ್ಜಿ ತುಂಬುವಾಗ ಹುಡುಗರು ಗೆಳೆಯ ಬರೆದದ್ದನ್ನೇ ಬರೆಯುತ್ತಾರೆ. ಮಗುವಿನ ಕೈಯಲ್ಲಿ ಪೆನ್ನು ಕೊಟ್ಟು ಲೆಕ್ಕ ಮಾಡಿಸದೆ ಇಂಥ ಕಾರ್ಯಕ್ರಮದಿಂದ ಏನೂ ಉಳಿಯುವುದಿಲ್ಲ ಎಂಬುದು ನನ್ನ ನಂಬಿಕೆ. ಎರಡು ಗಂಟೆ ಸಿಕ್ಕರೂ ಸಾಕು, ಅದನ್ನು ಹೀಗೆ ಬಳಸಬಹುದು.

ಮೊದಲ ಅರ್ಧ ಗಂಟೆ ಕಾಂಬಿನೇಷನ್‌ಗೆ. ಇಲ್ಲಿ ಕೇಳಬೇಕಾದದ್ದು ಯಾವ ವಿಷಯ ತಗೊಂಡರೆ ಏನು ಸಿಗುತ್ತದೆ ಎಂದಲ್ಲ, ಯಾವುದನ್ನು ಬಿಟ್ಟರೆ ಏನು ತಪ್ಪುತ್ತದೆ ಎಂದು. ಪಿಸಿಎಂಬಿ ತಗೊಂಡವರಿಗೆ ಎಂಜಿನಿಯರಿಂಗೂ ಇದೆ, ನೀಟೂ ಇದೆ. ಓದಿನ ಹೊರೆ ಮಾತ್ರ ಹೆಚ್ಚು. ಪಿಸಿಎಂಸಿ ತಗೊಂಡವರು ಜೀವಶಾಸ್ತ್ರ ಬಿಟ್ಟಿರುತ್ತಾರೆ. ಎಂಜಿನಿಯರಿಂಗ್ ಸೇರಲು ಭೌತಶಾಸ್ತ್ರ, ಗಣಿತ ಬೇಕೇ ಬೇಕು. ವಾಣಿಜ್ಯ, ಕಲಾ ವಿಭಾಗದ ಮಕ್ಕಳಿಗೆ ಕ್ಲಾಟ್ ಬರೆದು ರಾಷ್ಟ್ರೀಯ ಕಾನೂನು ಶಾಲೆ ಸೇರುವ ದಾರಿಯೂ ಇದೆ, ಸಿಎ ಫೌಂಡೇಷನ್ನೂ ಇದೆ. ಈ ಎರಡಕ್ಕೂ ಯಾವ ವಿಭಾಗದವರಾದರೂ ಆದೀತು. ಸಿಎಗೆ ವಾಣಿಜ್ಯವೇ ಆಗಬೇಕೆಂದು ಎಷ್ಟೋ ಮನೆಗಳಲ್ಲಿ ಇಂದಿಗೂ ನಂಬಿದ್ದಾರೆ.

ತಂದೆತಾಯಿಯರನ್ನೂ ಇದೇ ಹೊತ್ತಿಗೆ ಕೂರಿಸಿಕೊಳ್ಳಬೇಕು. ಅವರ ಪ್ರಶ್ನೆಗಳು ಹೀಗಿರುತ್ತವೆ:

"ಸಾರ್, ಹುಡುಗೀಗೆ ಬಯಾಲಜಿ ಬಿಡಿಸಿ ಕಂಪ್ಯೂಟರ್ ಕೊಡಿಸ್ತೀವಿ. ಎಂಜಿನಿಯರಿಂಗ್ ಸಿಗದಿದ್ರೆ ಬಿಎಸ್ಸಿ ನರ್ಸಿಂಗಿಗೆ ಹಾಕ್ಬೋದಲ್ವಾ?"

"ಆಗಲ್ಲ ಯಜಮಾನ್ರೇ. ಅದಕ್ಕೆ ಬಯಾಲಜಿ ಬೇಕೇ ಬೇಕು. ಎರಡೂ ಮನಸ್ಸಲ್ಲಿದ್ರೆ ಈಗ್ಲೇ ಪಿಸಿಎಂಬಿ ತಗೊಳ್ಳಿ."

ಈ ಉತ್ತರವನ್ನು ಎರಡು ವರ್ಷ ಕಳೆದ ಮೇಲೆ ಕೇಳಬೇಕಾಗಿ ಬಂದ ಮನೆಗಳನ್ನು ನಾನು ಕಂಡಿದ್ದೇನೆ. ದಾಖಲಾತಿಯ ವಾರದಲ್ಲೇ ಇದನ್ನು ಹೇಳಬೇಕೆಂದು ಹಠ ಹಿಡಿಯುವುದು ಅದಕ್ಕೇ.

ಮುಂದಿನ ಮುಕ್ಕಾಲು ಗಂಟೆಯನ್ನು ಒಂದೇ ಲೆಕ್ಕಕ್ಕೆ ಮೀಸಲಿಡಬೇಕು. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ್‍ಯಾಂಕ್ ಸಿಇಟಿಯೊಂದರಿಂದಲೇ ಬರುವುದಿಲ್ಲ. ದ್ವಿತೀಯ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಶೇಕಡಾ ಅಂಕದಲ್ಲಿ ಅರ್ಧ, ಅದೇ ವಿಷಯಗಳ ಸಿಇಟಿ ಶೇಕಡಾ ಅಂಕದಲ್ಲಿ ಇನ್ನರ್ಧ ಸೇರಿಸುತ್ತಾರೆ. ಪಿಯುವಿನಲ್ಲಿ ಮೂರು ವಿಷಯಕ್ಕೆ 300 ಅಂಕ. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180.

ಬೋರ್ಡಿನ ಮೇಲೆ ಇಬ್ಬರು ವಿದ್ಯಾರ್ಥಿನಿಯರನ್ನು ಎದುರುಬದುರು ನಿಲ್ಲಿಸಿ. ಮೊದಲನೆಯವಳು ಪಿಯುವಿನಲ್ಲಿ 285 ತೆಗೆದಿದ್ದಾಳೆ, ಅಂದರೆ ಶೇ. 95. ಸಿಇಟಿಯಲ್ಲಿ 54 ಮಾತ್ರ, ಶೇ. 30. ಎರಡರ ಅರ್ಧ ಸೇರಿದರೆ 62.5. ಎರಡನೆಯವಳಿಗೆ ಪಿಯುವಿನಲ್ಲಿ 225, ಶೇ. 75, ಸಿಇಟಿಯಲ್ಲಿ 108, ಶೇ. 60. ಅವಳ ಮೊತ್ತ 67.5. ಪಿಯುವಿನಲ್ಲಿ ಅರವತ್ತು ಅಂಕ ಹಿಂದಿದ್ದವಳು ರ್‍ಯಾಂಕ್ ಪಟ್ಟಿಯಲ್ಲಿ ಮುಂದೆ ಹೋದಳು. ಇದನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಂಡಾಗ ಕೊಠಡಿಯಲ್ಲಿ ಗದ್ದಲ ಏಳುತ್ತದೆ, ಏಳಲಿ. ಪಿಯುವಿನ ಒಂದು ಅಂಕ ಮೊತ್ತಕ್ಕೆ ಸುಮಾರು 0.17ರಷ್ಟು ಸೇರಿಸಿದರೆ, ಸಿಇಟಿಯ ಒಂದು ಅಂಕ 0.28ರಷ್ಟು ಸೇರಿಸುತ್ತದೆ ಎಂಬುದನ್ನೂ ಅವರೇ ಭಾಗಿಸಿ ನೋಡಲಿ.

ಹಾಗೆಂದು ಪಿಯು ಪರೀಕ್ಷೆಯನ್ನು ಕಡೆಗಣಿಸಿ ಕೋಚಿಂಗಿಗೆ ಓಡಬಾರದು. ಭೌತ, ರಸಾಯನ ಶಾಸ್ತ್ರಗಳಲ್ಲಿ ಪ್ರಯೋಗಾಲಯಕ್ಕೇ 30 ಅಂಕಗಳಿವೆ. ಅವು ತರಗತಿಗೆ ತಪ್ಪದೆ ಬಂದವರಿಗೆ ದಕ್ಕುವ ಅಂಕ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಇದು ತಿರುಗುಮುರುಗು: ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ಅಲ್ಲಿ ಪಿಯು ಅಂಕ ಅರ್ಹತೆಗೆ ಮಾತ್ರ ಲೆಕ್ಕ, ರ್‍ಯಾಂಕಿಗೆ ಸೇರುವುದಿಲ್ಲ. ಪರೀಕ್ಷೆ ಬದಲಾದಂತೆ ಓದುವ, ಬರೆಯುವ ರೀತಿಯೂ ಬದಲಾಗಬೇಕು. ಇದು ತಿಳಿಯದ ಮಗು ಒಂದೇ ಅಭ್ಯಾಸವನ್ನು ಎರಡು ಕಡೆಗೂ ಹೊತ್ತೊಯ್ದು ಎರಡರಲ್ಲೂ ಸೋಲುತ್ತದೆ.

ಇಷ್ಟಾದ ಮೇಲೆ ಕ್ಯಾಲೆಂಡರ್. ಹನ್ನೆರಡು ತಿಂಗಳ ಚೌಕ ಬರೆದುಕೊಂಡು ಪ್ರತಿ ಪರೀಕ್ಷೆಯ ಮುಂದೆ ಎರಡು ತಿಂಗಳು ಗುರುತು ಹಾಕಿಸಬೇಕು: ಅರ್ಜಿಯ ತಿಂಗಳು, ಪರೀಕ್ಷೆಯ ತಿಂಗಳು. ಜೆಇಇ ಮೇನ್ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಲ, ಸಿಇಟಿ ಏಪ್ರಿಲ್ ಹೊತ್ತಿಗೆ, ನೀಟ್ ಸಾಮಾನ್ಯವಾಗಿ ಮೇ ಮೊದಲ ವಾರದಲ್ಲಿ. ಕ್ಲಾಟ್ ಡಿಸೆಂಬರ್‌ನಲ್ಲೇ ಮುಗಿದುಹೋಗುತ್ತದೆ, ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಪಿಯು ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದುಕೊಂಡವರು ಅದನ್ನು ಆ ವರ್ಷಕ್ಕೆ ಕಳೆದುಕೊಂಡಂತೆಯೇ. ನೀಟ್ ಮತ್ತು ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಭಾಷೆಯನ್ನು ಅರ್ಜಿ ತುಂಬುವಾಗಲೇ ಆರಿಸಬೇಕು.

ಉಳಿದದ್ದು ಕಾಗದಪತ್ರ. ಕಷ್ಟಪಟ್ಟು ಓದಿದ ಮಕ್ಕಳು ಇಲ್ಲಿ ಎಡವುವುದನ್ನು ನೋಡುವುದೇ ಸಂಕಟ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಬೇರೆಯೇ ಇದೆ. ಕೃಷಿ ಪದವಿಗೆ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಆದರೆ ಇವನ್ನೆಲ್ಲ ಅರ್ಜಿಯಲ್ಲಿ ಕೇಳಿಕೊಳ್ಳಬೇಕು, ಕೇಳಿಕೊಂಡದ್ದಕ್ಕೆ ದಾಖಲೆ ತೋರಿಸಬೇಕು.

ಹತ್ತು ವರ್ಷದಲ್ಲಿ ಮೂರು ಶಾಲೆ ಬದಲಾಯಿಸಿದ ಹುಡುಗನನ್ನೇ ತಗೊಳ್ಳಿ. ಒಂದರಿಂದ ಐದು ಊರಿನ ಕಿರಿಯ ಪ್ರಾಥಮಿಕ ಶಾಲೆ, ಆರು ಮತ್ತು ಏಳು ಪಕ್ಕದ ಹಳ್ಳಿ, ಎಂಟರಿಂದ ಹತ್ತು ಹೋಬಳಿಯ ಪ್ರೌಢಶಾಲೆ. ಮೂರೂ ಕಡೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಬೇಕು. ಒಂದು ವರ್ಷದ ಪತ್ರ ತಪ್ಪಿದರೂ ಹತ್ತು ವರ್ಷದ ಲೆಕ್ಕ ತುಂಬುವುದಿಲ್ಲ. ಅದರ ಮೇಲೆ ಹೆಸರಿನ ತೊಡಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಜಾತಿ-ಆದಾಯ ಪತ್ರದಲ್ಲಿ ಅಪ್ಪನ ಹೆಸರೇ ಬೇರೆ ಕಾಗುಣಿತ. ಮೂರನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸುವ ಕೆಲಸವನ್ನು ಆ ದಿನವೇ ಮಾಡಿಸಿ. ಪ್ರಥಮ ಪಿಯುವಿನಲ್ಲೇ ಸಿಕ್ಕ ತಪ್ಪನ್ನು ತಿದ್ದಿಸಲು ವರ್ಷಕ್ಕೂ ಹೆಚ್ಚು ಸಮಯವಿರುತ್ತದೆ. ಅರ್ಜಿಯ ವಾರದಲ್ಲಿ ಸಿಕ್ಕರೆ ನಾಡಕಚೇರಿಯ ಸಾಲಿನಲ್ಲಿ ನಿಲ್ಲಲೂ ಹೊತ್ತಿರುವುದಿಲ್ಲ.

ಆಪ್ಷನ್ ಎಂಟ್ರಿಯ ಬಗ್ಗೆ ಈ ಸಭೆಯಲ್ಲಿ ಹೇಳಿ ಪ್ರಯೋಜನವಿಲ್ಲ, ಎರಡು ವರ್ಷದಲ್ಲಿ ಮರೆತುಹೋಗುತ್ತದೆ. ಸಿಇಟಿ ಫಲಿತಾಂಶ ಬಂದ ವಾರ ಅದೇ ಮಕ್ಕಳನ್ನು ಇನ್ನೊಮ್ಮೆ ಕರೆಸಬೇಕು. ಆಗ ಹೇಳುವುದು ಒಂದೇ ಮಾತು: ಬೇಕಾದ ಕಾಲೇಜು ಮೇಲೆ, ಸಿಕ್ಕೀತು ಎನಿಸುವುದು ಕೆಳಗೆ. ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ಆ ರ್‍ಯಾಂಕಿಗೆ ಸಿಗುವ ಮೊದಲ ಸೀಟನ್ನೇ ಕೊಡುತ್ತಾರೆ. ಸಿಗಲಾರದೇನೋ ಎಂದು ಹೆದರಿ ಬೇಡದ್ದನ್ನು ಮೇಲೆ ಬರೆದರೆ ಬೇಡದ್ದೇ ಬರುತ್ತದೆ. ಅಣಕು ಹಂಚಿಕೆಯ ಫಲಿತಾಂಶ ನೋಡಿದ ಮೇಲೆ ಪಟ್ಟಿಯನ್ನು ಹಿಂದೆ ಮುಂದೆ ಮಾಡಲು ಅವಕಾಶ ಕೊಡುತ್ತಾರೆ. ಆ ದಿನಗಳಲ್ಲಿ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ಸಂಜೆಯವರೆಗೆ ತೆರೆದಿಟ್ಟು, ಒಬ್ಬ ಉಪನ್ಯಾಸಕರು ಅಲ್ಲೇ ಕೂತಿರಬೇಕು.