ಫಿಲ್ಟರ್‌ನಿಂದ ಬಂದ ನೀರೇ ಹೆಚ್ಚು ಕೊಳೆಯಾಗಿತ್ತು!

ನಾಲ್ಕಿಂಚಿನ ಪಿವಿಸಿ ಪೈಪು, ಅದರೊಳಗೆ ಜಲ್ಲಿ, ಜಲ್ಲಿಯ ಮೇಲೆ ಮರಳು. ಮೇಲಿಂದ ಕೆಂಪು ನೀರು ಸುರಿದರೆ ಕೆಳಗೆ ತಿಳಿನೀರು ಬರಬೇಕು, ಅಷ್ಟೇ. ಮಿನಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಸುಲಭದ್ದು ಸಿಗಲ್ಲ ಅಂತ ನಾವು ನಾಲ್ವರು ಆರಿಸಿಕೊಂಡಿದ್ದು. ಮೂರು ಸಲ ಟೆಸ್ಟ್ ಮಾಡಿದ ಮೇಲೆ ಗೊತ್ತಾಯ್ತು, ಫಿಲ್ಟರ್ ಕಟ್ಟೋದು ಅರ್ಧ ಕೆಲಸ ಮಾತ್ರ.

ಒಂದು ಮೀಟರ್ ಉದ್ದದ ಪೈಪಿನ ತಳಕ್ಕೆ ಎಂಡ್ ಕ್ಯಾಪ್ ಹಾಕಿ, ಪಕ್ಕದಲ್ಲಿ ತೂತು ಕೊರೆದು ಒಂದು ನಲ್ಲಿ ಕೂರಿಸಿದ್ವಿ. ತಳದಲ್ಲಿ 10 ಸೆಂಮೀ 20 ಎಂಎಂ ಜಲ್ಲಿ, ಅದರ ಮೇಲೆ 10 ಸೆಂಮೀ ಬೇಬಿ ಜಲ್ಲಿ, ಆಮೇಲೆ 5 ಸೆಂಮೀ ದಪ್ಪ ಮರಳು, ಕೊನೆಗೆ 40 ಸೆಂಮೀ ಸಣ್ಣ ಮರಳು. ಜಲ್ಲಿ ಹೆಚ್ಚೇನೂ ಸೋಸೋದಿಲ್ಲ. ಮರಳು ನಲ್ಲಿಯಲ್ಲಿ ಹರಿದುಹೋಗದಂತೆ ತಡೆಯೋದು ಅದರ ಕೆಲಸ. ಸೋಸುವುದು ಸಣ್ಣ ಮರಳು: 600 ಮೈಕ್ರಾನ್ ಜರಡಿಯಲ್ಲಿ ಇಳಿದು 300 ಮೈಕ್ರಾನ್ ಜರಡಿಯ ಮೇಲೆ ನಿಂತದ್ದು. ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿಯನ್ನು ಮರಳಿನ ಮಟ್ಟಕ್ಕಿಂತ 5 ಸೆಂಮೀ ಮೇಲೆ ಕಟ್ಟಿದ್ವಿ. ಹಾಗಿದ್ದರೆ ನೀರು ಸುರಿಯೋದು ನಿಲ್ಲಿಸಿದರೂ ಮರಳು ಒಣಗಲ್ಲ, ಒಳಗೆ ಗಾಳಿ ಸೇರಲ್ಲ. ಮರಳಿನ ಮೇಲೆ 20 ಸೆಂಮೀ ನೀರು ನಿಲ್ಲಿಸಿದಾಗ ಒಂದು ಲೀಟರ್ ಹೊರಬರಲು ನಾಲ್ಕು ನಿಮಿಷ ಬೇಕಾಯ್ತು.

ತೇಲುವ ಕಣಗಳನ್ನು ಅಳೆಯೋದು ಹೀಗೆ: ಒಣಗಿಸಿ ತೂಗಿದ ಗ್ಲಾಸ್ ಫೈಬರ್ ಫಿಲ್ಟರ್ ಪೇಪರಿನಲ್ಲಿ ಅಳತೆಯ ನೀರು ಸೋಸಿ, ಪೇಪರನ್ನು ಓವನ್‌ನಲ್ಲಿ 103ರಿಂದ 105 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ ಆರಿಸಿ ಮತ್ತೆ ತೂಗಬೇಕು. ತೂಕ ಬದಲಾಗೋದು ನಿಲ್ಲುವವರೆಗೆ ಒಣಗಿಸೋದು, ತೂಗೋದು ನಡೀಬೇಕು. ಬಿಸಿ ಪೇಪರನ್ನು ಹಾಗೇ ತಕ್ಕಡಿಗೆ ಇಟ್ಟರೆ ಅಂಕಿ ಕಣ್ಣೆದುರೇ ಓಡಾಡುತ್ತೆ.

ಮೊದಲ ದಿನ ಕಾಲೇಜಿನ ಹಿಂದಿನ ಕೆರೆಯಿಂದ ಮಳೆ ಬಂದ ಮರುದಿನದ ನೀರು ತಂದಿದ್ವಿ. ಅದರ 100 ಎಂಎಲ್ ಸೋಸಿದಾಗ ಪೇಪರ್ 0.1213 ಗ್ರಾಂನಿಂದ 0.1397 ಗ್ರಾಂ ಆಯ್ತು. 18.4 ಮಿಲಿಗ್ರಾಂ ಹೆಚ್ಚು, ಅಂದರೆ ಲೀಟರಿಗೆ 184 ಮಿಲಿಗ್ರಾಂ. ಫಿಲ್ಟರ್‌ನಿಂದ ಹೊರಬಂದ ನೀರಿನಲ್ಲಿ? 211! ಲೆಕ್ಕ ತಪ್ಪಿರಬೇಕು ಅಂತ ಮೂರು ಸಲ ಗುಣಿಸಿ ನೋಡಿದ್ವಿ. ತಪ್ಪು ಇದ್ದದ್ದು ಮರಳಿನಲ್ಲಿ. ನಾವು ಹಾಕಿದ್ದು ಎಂ-ಸ್ಯಾಂಡ್. ಕಲ್ಲು ಪುಡಿಮಾಡಿ ತಯಾರಿಸುವ ಈ ಮರಳಿನ ಕಣಗಳಿಗೆ ಕಲ್ಲಿನ ಹಿಟ್ಟು ಅಂಟಿಕೊಂಡಿರುತ್ತೆ, ಒಣ ಜರಡಿಯಲ್ಲಿ ಅದು ಪೂರ್ತಿ ಹೋಗಲ್ಲ. ಮರಳನ್ನೆಲ್ಲ ಹೊರಗೆ ಸುರಿದು, ಬಕೆಟ್ಟಿನಲ್ಲಿ ಕಲಕಿ ಕಲಕಿ ನೀರು ಬಸಿದ್ವಿ, ಅಕ್ಕಿ ತೊಳೆದ ಹಾಗೆ. ಹನ್ನೊಂದನೇ ಸಲಕ್ಕೆ ನೀರು ತಿಳಿಯಾಯ್ತು. ಜಲ್ಲಿಯನ್ನೂ ತೊಳೆದ್ವಿ.

ಮರಳು ತುಂಬಿ, ನಲ್ಲಿ ನೀರು ಹಾಯಿಸಿ, ಆಮೇಲೆ ಕೆರೆ ನೀರು ಸುರಿದ್ವಿ. ಮೊದಲು ಬಂದ ಅರ್ಧ ಲೀಟರ್ ಹಿಡಿದು ಟೆಸ್ಟ್ ಮಾಡಿದರೆ ಲೀಟರಿಗೆ ಬರೀ 2 ಮಿಲಿಗ್ರಾಂ. 99 ಪರ್ಸೆಂಟ್! ಕ್ಯಾಂಟೀನ್‌ನಲ್ಲಿ ಪಾರ್ಟಿಯೂ ಆಯ್ತು. ಮರುದಿನ ಲ್ಯಾಬ್ ಅಸಿಸ್ಟೆಂಟ್ ಕೇಳಿದ್ದು ಒಂದೇ ಪ್ರಶ್ನೆ: "ಒಳಗಿದ್ದ ನಲ್ಲಿ ನೀರು ಎಲ್ಲಿಗೆ ಹೋಯ್ತಪ್ಪಾ?"

ಲೆಕ್ಕ ಹಾಕಿ ನೋಡಿ. ಪೈಪಿನ ಒಳ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 85 ಚದರ ಸೆಂಮೀ. ಮರಳು, ಜಲ್ಲಿ ಸೇರಿ 65 ಸೆಂಮೀ, ಅದರಲ್ಲಿ ಸುಮಾರು ನೂರಕ್ಕೆ 40 ಖಾಲಿ ಜಾಗ. ಅಲ್ಲಿ 2.2 ಲೀಟರ್, ಮರಳಿನ ಮೇಲೆ 1.7 ಲೀಟರ್. ಹತ್ತಿರ ಹತ್ತಿರ 4 ಲೀಟರ್ ನಲ್ಲಿ ನೀರು ಹೊರಗೆ ಹೋದ ಮೇಲಷ್ಟೇ ಕೆರೆ ನೀರಿನ ಸರದಿ. ನಾವು ಟೆಸ್ಟ್ ಮಾಡಿ ಸಂಭ್ರಮಿಸಿದ್ದು ನಲ್ಲಿ ನೀರನ್ನು!

ಮೂರನೇ ಸಲ ಮೊದಲ 8 ಲೀಟರ್ ಚೆಲ್ಲಿದ್ವಿ, ಅದಕ್ಕೇ ಅರ್ಧ ಗಂಟೆ ಹಿಡೀತು. ಅವತ್ತಿನ ಕೆರೆ ನೀರು 176. ಹೊರಬಂದ ನೀರನ್ನು 100 ಎಂಎಲ್ ಬದಲು 500 ಎಂಎಲ್ ಸೋಸಿದ್ವಿ. ಕಣ ಕಡಿಮೆಯಿದ್ದಾಗ ಸ್ವಲ್ಪವೇ ನೀರು ತಗೊಂಡರೆ ಪೇಪರ್ ಮೇಲೆ ಎರಡು ಮೂರು ಮಿಲಿಗ್ರಾಂ ಕೂರುತ್ತೆ, ತೂಕದಲ್ಲಿ ಅರ್ಧ ಮಿಲಿಗ್ರಾಂ ಏರುಪೇರಾದರೂ ಉತ್ತರವೇ ಕೆಡುತ್ತೆ. ಈ ಸಲ ಕೂತದ್ದು 17 ಮಿಲಿಗ್ರಾಂ, ಅಂದರೆ ಲೀಟರಿಗೆ 34. 176ರಲ್ಲಿ 142 ಹೋಯ್ತು, 81 ಪರ್ಸೆಂಟ್. ಪಾರ್ಟಿ ಮಾಡುವಂಥದ್ದಲ್ಲ, ಆದರೆ ಇದು ಕೆರೆ ನೀರಿನದ್ದೇ ಉತ್ತರ.

ಇಷ್ಟಾದರೂ ಬೀಕರಿನಲ್ಲಿದ್ದ ನೀರು ಸ್ವಲ್ಪ ಮಬ್ಬಾಗೇ ಇತ್ತು. ಅತಿ ಸಣ್ಣ ಜೇಡಿಕಣ ಮರಳನ್ನೂ ದಾಟುತ್ತೆ, ಟೆಸ್ಟಿನ ಪೇಪರನ್ನೂ ದಾಟುತ್ತೆ, ಹಾಗಾಗಿ ನಮ್ಮ 34ರಲ್ಲಿ ಅದರ ಲೆಕ್ಕವೇ ಇಲ್ಲ. ಮುಂದಿನ ಸೆಮಿಸ್ಟರ್‌ನಲ್ಲಿ ಸುರಿಯುವ ಮುಂಚೆ ನೀರಿಗೆ ಪಟಿಕ ಹಾಕಿ, ಟರ್ಬಿಡಿಟಿ ಮೀಟರಿನಲ್ಲೂ ನೋಡ್ತೀವಿ. ಆ ನೀರನ್ನು ಕುಡಿದು ನೋಡೋಣ ಅಂದ ನಮ್ಮ ಗೆಳೆಯನನ್ನು ಮಾತ್ರ ತಡೆದ್ವಿ. ನಾವು ಅಳೆದದ್ದು ಕಣಗಳನ್ನು, ಬ್ಯಾಕ್ಟೀರಿಯಾವನ್ನಲ್ಲ.