ಗರ್ಭಿಣಿಯರಿಗೆ ಬಿಸಿನೀರ ಸ್ನಾನ, ಸ್ಟೀಮ್, ಜ್ವರ: ಮೊದಲ 6 ವಾರ ಏಕೆ ಅಷ್ಟು ಸೂಕ್ಷ್ಮ?

ಗರ್ಭಿಣಿಯಾದ ಮೇಲೆ ಬಿಸಿನೀರಿನ ಸ್ನಾನ ಮಾಡಬಾರದು ಎಂದು ಒಬ್ಬರು ಹೇಳಿದರೆ, ಮೈಕೈ ನೋವಿಗೆ ಅದೇ ಮದ್ದು ಎನ್ನುತ್ತಾರೆ ಇನ್ನೊಬ್ಬರು. ನಿಜವಾಗಿ ನೋಡಬೇಕಾದದ್ದು ನೀರಿನ ಬಿಸಿಯನ್ನಲ್ಲ, ನಿಮ್ಮ ದೇಹದ ಒಳಗಿನ ತಾಪಮಾನವನ್ನು. ಅದು 39 ಡಿಗ್ರಿ ಸೆಲ್ಸಿಯಸ್, ಅಂದರೆ ಥರ್ಮಾಮೀಟರ್‌ನಲ್ಲಿ ಸುಮಾರು 102 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಹಾಗೇ ಉಳಿದರೆ ವೈದ್ಯರು ಚಿಂತಿಸುತ್ತಾರೆ. ಆ ಚಿಂತೆ ಅತಿ ಹೆಚ್ಚಿರುವುದು ಆರಂಭದ ವಾರಗಳಲ್ಲಿ.

ಕಾರಣ ಹೀಗಿದೆ. ಮಗುವಿನ ಮೆದುಳು ಮತ್ತು ಬೆನ್ನುಹುರಿ ಮೊದಲು ಒಂದು ಚಪ್ಪಟೆ ಪದರವಾಗಿರುತ್ತವೆ. ಚಪಾತಿಯನ್ನು ಸುರುಳಿ ಸುತ್ತಿದಂತೆ ಅದರ ಎರಡೂ ಅಂಚುಗಳು ಮೇಲೆದ್ದು, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತದೆ. ಗರ್ಭ ಕಟ್ಟಿದ 28 ದಿನಗಳೊಳಗೆ ಈ ಕೆಲಸ ಮುಗಿದುಹೋಗುತ್ತದೆ. ವೇಗವಾಗಿ ವಿಭಜನೆಯಾಗುವ ಜೀವಕೋಶಗಳಿಗೆ ಅತಿಯಾದ ಶಾಖ ಹಾನಿ ಮಾಡುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಕೊಳವೆ ಕೆಳಗೆ ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾ, ಮೇಲೆ ಮುಚ್ಚದಿದ್ದರೆ ತಲೆಬುರುಡೆ ಹಾಗೂ ಮೆದುಳು ಪೂರ್ತಿ ಬೆಳೆಯದ ಅನೆನ್ಸೆಫಲಿ. ಒಮ್ಮೆ ಮುಚ್ಚಿದ ಕೊಳವೆಯನ್ನು ನಂತರದ ಜ್ವರ ಮತ್ತೆ ತೆರೆಯುವುದಿಲ್ಲ.

ತೊಂದರೆ ಏನೆಂದರೆ, ಆ ಹೊತ್ತಿಗೆ ಎಷ್ಟೋ ಮಹಿಳೆಯರಿಗೆ ತಾವು ಗರ್ಭಿಣಿ ಎಂಬುದೇ ಗೊತ್ತಿರುವುದಿಲ್ಲ. ಒಂದು ಲೆಕ್ಕ ನೋಡಿ. ಜೂನ್ 1ಕ್ಕೆ ಮುಟ್ಟಾದವರಿಗೆ, 28 ದಿನಗಳ ಚಕ್ರವಿದ್ದರೆ, ಜೂನ್ 15ರ ಸುಮಾರಿಗೆ ಗರ್ಭ ಕಟ್ಟುತ್ತದೆ. ಜೂನ್ 29ಕ್ಕೆ ಮುಟ್ಟು ಬರಬೇಕಿತ್ತು, ಬರಲಿಲ್ಲ. ನಾಲ್ಕೈದು ದಿನ ತಡವಾಗುವುದು ಮಾಮೂಲು ಎಂದುಕೊಂಡು ಜುಲೈ 5ರ ವಾರಾಂತ್ಯಕ್ಕೆ ಪುಣೆಯಿಂದ ಲೋಣಾವಳದ ರೆಸಾರ್ಟ್‌ಗೆ ಹೋಗಿ ಸ್ಟೀಮ್ ರೂಮ್‌ನಲ್ಲಿ ಕುಳಿತರೆ? ಕೊಳವೆ ಮುಚ್ಚುವುದು ಜುಲೈ 13ರ ಹೊತ್ತಿಗೆ. ಅಂದರೆ ಅತಿ ಸೂಕ್ಷ್ಮ ದಿನಗಳಲ್ಲೇ ಅವರು ಅಲ್ಲಿದ್ದಾರೆ. ಹಾಗಾಗಿ ಗರ್ಭಕ್ಕೆ ಪ್ರಯತ್ನಿಸುತ್ತಿರುವವರು ಮುಟ್ಟು ತಪ್ಪಿದ ಕೂಡಲೇ ಟೆಸ್ಟ್ ಮಾಡಿಕೊಳ್ಳುವುದು, ಅಲ್ಲಿಯವರೆಗೆ ಸ್ಪಾ ಮುಂದೂಡುವುದು ಒಳ್ಳೆಯದು. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಗುಳಿಗೆಯನ್ನು ಗರ್ಭ ಕಟ್ಟುವ ಮೊದಲೇ ಶುರುಮಾಡಿ ಎನ್ನುವುದೂ ಇದೇ ಕೊಳವೆಗಾಗಿ.

ಹಾಗಾದರೆ ಮನೆಯ ಸ್ನಾನ? ಬಕೆಟ್‌ನಿಂದ ಚೊಂಬಿನಲ್ಲಿ ಹೊಯ್ದುಕೊಳ್ಳುವ ನೀರು ಮೈಮೇಲಿಂದ ಹರಿದುಹೋಗುತ್ತದೆ, ಗಾಳಿ ತಾಗಿ ಮೈ ತಣಿಯುತ್ತದೆ. ಗೀಸರ್ ನೀರನ್ನು ಹದ ಮಾಡಿಕೊಂಡು ಹೀಗೆ ಸ್ನಾನ ಮಾಡಿದರೆ ಒಳಗಿನ ತಾಪಮಾನ ಅಪಾಯದ ಮಟ್ಟಕ್ಕೆ ಏರುವ ಸಂಭವ ತೀರಾ ಕಡಿಮೆ. ಕುತ್ತಿಗೆವರೆಗೂ ಮುಳುಗುವ ಬಿಸಿ ಟಬ್‌ನಲ್ಲಿ ಮಾತ್ರ ಬೆವರು ಆರಲು ಜಾಗವೇ ಇಲ್ಲ. ಸ್ಟೀಮ್ ರೂಮ್‌ನ ಗಾಳಿಯಲ್ಲೇ ತೇವ ತುಂಬಿರುವುದರಿಂದ ಅಲ್ಲಿಯೂ ಬೆವರು ಆರುವುದಿಲ್ಲ. ಸ್ಪಾಗಳ ಹಾಟ್ ಟಬ್‌ನಲ್ಲಿ ನೀರು ತಣ್ಣಗಾಗದಂತೆ ಹೀಟರ್ ನೋಡಿಕೊಳ್ಳುತ್ತದೆ, ಮನೆಯ ಟಬ್‌ನಲ್ಲಿ ಅದು ತಾನಾಗೇ ಆರುತ್ತದೆ. 1992ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದ ವಾರಗಳಲ್ಲಿ ಹಾಟ್ ಟಬ್ ಬಳಸಿದವರಲ್ಲಿ ಈ ದೋಷದ ಅಪಾಯ ಉಳಿದವರಿಗಿಂತ ಸುಮಾರು ಮೂರು ಪಟ್ಟು ಕಂಡಿತ್ತು. ಸೌನಾ ಮತ್ತು ಜ್ವರದಲ್ಲಿ ಅದಕ್ಕಿಂತ ಕಡಿಮೆ. ಶೀತಕ್ಕೆ ಪಾತ್ರೆಯ ಮುಂದೆ ಕೂತು ಆವಿ ಹಿಡಿಯುವುದು ಇದಕ್ಕೆ ಸೇರುವುದಿಲ್ಲ. ಅಲ್ಲಿ ಭಯಪಡಬೇಕಾದದ್ದು ಬಿಸಿನೀರು ಮೈಮೇಲೆ ಚೆಲ್ಲುವುದಕ್ಕೆ. ಅಂದಹಾಗೆ, ನಮ್ಮ ಕಡೆ ಹೆರಿಗೆಯಾದ ಮೇಲೆ ಬಾಣಂತಿಗೆ ಹಾಕುವ ಹಂಡೆ ನೀರಿನ ಸ್ನಾನದ ಲೆಕ್ಕವೇ ಬೇರೆ, ಅದನ್ನು ಬಸುರಿಗೆ ಅನ್ವಯಿಸಬೇಡಿ.

ಟಬ್‌ನಿಂದ ಎದ್ದು ಬರಬಹುದು, ಜ್ವರದಿಂದ ಹಾಗೆ ಎದ್ದು ಬರಲಾಗದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮೈ ಕಾದೇ ಇರುತ್ತದೆ. ಮಳೆಗಾಲದ ಮುಂಬೈ, ಚೆನ್ನೈಗಳಲ್ಲಿ ಡೆಂಗಿ, ಮಲೇರಿಯಾ ಬೇರೆ. 'ಗರ್ಭಿಣಿ ಗುಳಿಗೆ ನುಂಗಬಾರದು' ಎಂದು ಜ್ವರ ತಾಳಿಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಬರೀ ಮುಟ್ಟಿ ನೋಡದೆ ಥರ್ಮಾಮೀಟರ್ ಇಡಿ. ಕಂಕುಳಲ್ಲಿ ಇಟ್ಟರೆ ಒಳಗಿನದಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ತೋರಿಸುತ್ತದೆ. ಲಿವರ್ ತೊಂದರೆ ಇಲ್ಲದವರಿಗೆ ಪ್ಯಾರಾಸಿಟಮಾಲ್ 500 ಅಥವಾ 650ರ ಒಂದು ಗುಳಿಗೆಯನ್ನು 6 ಗಂಟೆ ಅಂತರದಲ್ಲಿ ವೈದ್ಯರು ಸಾಮಾನ್ಯವಾಗಿ ಕೊಡುತ್ತಾರೆ. ಐಬುಪ್ರೊಫೆನ್ ಬೇಡ, ಡೆಂಗಿ ಶಂಕೆ ಇದ್ದರಂತೂ ರಕ್ತಸ್ರಾವದ ಭಯದಿಂದ ಅದನ್ನು ಮುಟ್ಟಲೇಬಾರದು. ಜ್ವರ 102 ದಾಟಿದರೆ, ಗುಳಿಗೆಗೂ ಇಳಿಯದಿದ್ದರೆ, ಉರಿಮೂತ್ರ, ಹೊಟ್ಟೆನೋವು ಅಥವಾ ರಕ್ತಸ್ರಾವ ಜೊತೆಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಇಳಿಸಿದರಷ್ಟೇ ಸಾಲದು, ಅದರ ಮೂಲದ ಸೋಂಕಿಗೂ ಚಿಕಿತ್ಸೆ ಬೇಕು.

ಗೊತ್ತಿಲ್ಲದೆ ಸ್ಟೀಮ್ ತೆಗೆದುಕೊಂಡವರು, ಐದನೇ ವಾರದಲ್ಲಿ ಜ್ವರ ಬಂದವರು ಏನು ಮಾಡಬೇಕು? ಈ ದೋಷ ಸಾವಿರ ಗರ್ಭಗಳಲ್ಲಿ ಬೆರಳೆಣಿಕೆಯಷ್ಟರಲ್ಲಿ ಕಾಣುವಂಥದ್ದು. ಅದು ಎರಡು ಮೂರು ಪಟ್ಟಾದರೂ ಬಹುಪಾಲು ಮಕ್ಕಳು ಸರಿಯಾಗಿಯೇ ಹುಟ್ಟುತ್ತಾರೆ. ಇದೊಂದೇ ಕಾರಣಕ್ಕೆ ಗರ್ಭ ತೆಗೆಸುವ ಮಾತು ಬೇಡ. ಯಾವ ದಿನ, ಎಷ್ಟು ಹೊತ್ತು, ಜ್ವರ ಎಷ್ಟಿತ್ತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. 18ರಿಂದ 20 ವಾರಗಳ ಅನಾಮಲಿ ಸ್ಕ್ಯಾನ್ ತಪ್ಪಿಸಬೇಡಿ. ಮಗುವಿನ ತಲೆ ಮತ್ತು ಬೆನ್ನುಮೂಳೆ ಸರಿಯಾಗಿ ಮುಚ್ಚಿದೆಯೇ ಎಂಬುದನ್ನು ಅದರಲ್ಲಿ ವಿಶೇಷವಾಗಿ ನೋಡುತ್ತಾರೆ.